ಗೋಡೆ ಒಡೆಸುವ ಮೊದಲು ಮೆಗ್ಗರ್ ತಿರುಗಿಸಿ

ಹಳೆ ಮನೆಯ ವೈರಿಂಗ್ ವಿಷಯ ಬಂದರೆ ಎರಡು ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಮನೆಯವರು, "ಅಪ್ಪನ ಕಾಲದಿಂದ ಹೀಗೇ ಇದೆ, ಇವತ್ತಿನವರೆಗೆ ಏನೂ ಆಗಿಲ್ಲ" ಎನ್ನುತ್ತಾರೆ. ಗುತ್ತಿಗೆದಾರರು ಒಮ್ಮೆ ತಲೆಯೆತ್ತಿ ಕಪ್ಪಾದ ಮರದ ಪಟ್ಟಿಯನ್ನೂ ಅದರ ಮೇಲಿನ ವೈರನ್ನೂ ನೋಡಿ, "ಇದೆಲ್ಲ ತೆಗೆದು ಹೊಸದೇ ಮಾಡಬೇಕು" ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಅಂದಾಜು. ವೈರಿನ ಮೇಲಿನ ಹೊದಿಕೆ ಕರೆಂಟನ್ನು ಎಷ್ಟರ ಮಟ್ಟಿಗೆ ಹಿಡಿದಿಟ್ಟುಕೊಂಡಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬೇಕಾಗಿಲ್ಲ, ಅಳೆದೇ ಹೇಳಬಹುದು. ಅದಕ್ಕಾಗಿ ಇರುವ ಉಪಕರಣವೇ ಮೆಗ್ಗರ್.

ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆಯನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಅಲ್ಲಿ ವೈರಿಂಗ್ ಆದದ್ದು 1970ರ ದಶಕದಲ್ಲಿ. ಸಾಗುವಾನಿ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ಬಿಗಿದ ರಬ್ಬರ್ ಹೊದಿಕೆಯ ವೈರು. ಅಡುಗೆಮನೆಗೆ ಮಾತ್ರ ನಂತರ ಯಾವಾಗಲೋ ಪಿವಿಸಿ ವೈರು ಎಳೆದಿದ್ದಾರೆ. ಮೇನ್ ಬೋರ್ಡಿನಲ್ಲಿ ನಾಲ್ಕು ಪಿಂಗಾಣಿ ಫ್ಯೂಸ್: ಜಗಲಿ ಮತ್ತು ನಡುಮನೆಗೆ ಒಂದು, ಅಡುಗೆಮನೆಗೆ ಒಂದು, ಬಚ್ಚಲುಮನೆಗೆ ಒಂದು, ಹಿಂದಿನ ಕೊಟ್ಟಿಗೆಗೆ ಒಂದು. ಮಗ ಊರಿಗೆ ಬಂದವನು ಶಾಕ್ ತಡೆಯಲೆಂದು ಆರ್‌ಸಿಸಿಬಿ ಹಾಕಿಸಿದ. ಅಂದಿನಿಂದ ತೊಂದರೆ ಶುರುವಾಯಿತು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಸಾಕು, ಇಡೀ ಮನೆ ಕತ್ತಲೆ. ಮಿಕ್ಸಿ ಬದಲಾಯಿಸಿ ನೋಡಿದರು, ಹೋಗಲಿಲ್ಲ. ಕೊನೆಗೆ ಬಂದ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ, "ಹಳೆ ವೈರಿಂಗಿಗೆ ಇದೆಲ್ಲ ಆಗಿಬರೋದಿಲ್ಲ, ಪೂರ್ತಿ ರೀವೈರಿಂಗ್ ಮಾಡಿಸಿ" ಎಂದು ಹೇಳಿ ಹೋದ.

ಹೀಗೆ ಬೈಪಾಸ್ ಮಾಡಿದ ಆರ್‌ಸಿಸಿಬಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದು ಸುಳ್ಳು ಹೇಳಿರಲಿಲ್ಲ. ಎಲ್ಲೋ ಸೋರಿಕೆ ಇದೆ ಎಂದಷ್ಟೇ ಹೇಳಿತ್ತು. ಎಲ್ಲಿ, ಎಷ್ಟು ಎಂದು ಹೇಳುವುದು ಮೆಗ್ಗರ್‌ನ ಕೆಲಸ.

ಮೆಗ್ಗರ್ ಎಂದರೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲ್, ಮೇಲೆ ಒಂದು ಮುಳ್ಳು. ಈಗ ಬ್ಯಾಟರಿಯ ಡಿಜಿಟಲ್ ಮಾದರಿಗಳೂ ಬಂದಿವೆ, ಕೆಲಸ ಎರಡರದ್ದೂ ಒಂದೇ. ಹ್ಯಾಂಡಲ್ ತಿರುಗಿಸಿದಾಗ ಒಳಗಿನ ಪುಟ್ಟ ಜನರೇಟರ್ 500 ವೋಲ್ಟ್ ಡಿಸಿ ಕೊಡುತ್ತದೆ. ಆ ಒತ್ತಡವನ್ನು ವೈರಿಗೂ ಭೂಮಿಗೂ ನಡುವೆ ಹಾಕಿ, ಹೊದಿಕೆಯ ಮೂಲಕ ಎಷ್ಟು ಕರೆಂಟ್ ಸೋರುತ್ತದೆ ಎಂಬುದರಿಂದ ಅದರ ತಡೆಯನ್ನು ಮೆಗಾಓಮ್‌ಗಳಲ್ಲಿ ತೋರಿಸುತ್ತದೆ. ಒಂದು ಮೆಗಾಓಮ್ ಎಂದರೆ 10 ಲಕ್ಷ ಓಮ್.

ಎಲ್ಲರ ಬಳಿ ಮಲ್ಟಿಮೀಟರ್ ಇರುವಾಗ ಇದೇಕೆ ಎಂದು ಕೇಳಬಹುದು. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನ ಬ್ಯಾಟರಿಯಿಂದ. ಹೆಂಚು ಎಲ್ಲಿ ಸೀಳಿದೆ ಎಂದು ನೋಡಲು ಬೇಸಿಗೆಯಲ್ಲಿ ಮಾಡಿನ ಮೇಲೆ ಒಂದು ಚೊಂಬು ನೀರು ಹೊಯ್ದಂತೆ ಅದು. ಸೋರುವ ಜಾಗ ಗೊತ್ತಾಗಬೇಕಾದರೆ ಆಷಾಢದ ಮಳೆಯೇ ಹೊಯ್ಯಬೇಕು. ಬಿರುಕುಬಿಟ್ಟ ಹೊದಿಕೆ 9 ವೋಲ್ಟಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಮನೆಯ 230 ವೋಲ್ಟ್ ಎಸಿ ಪ್ರತಿ ಸುತ್ತಿನ ತುದಿಯಲ್ಲಿ ಸುಮಾರು 325 ವೋಲ್ಟಿಗೆ ಏರುತ್ತದೆ. ಅದಕ್ಕಿಂತ ಒಂದಿಷ್ಟು ಹೆಚ್ಚು ಒತ್ತಡ ಹಾಕಿದರೆ ತಾನೇ ಪರೀಕ್ಷೆ. "500 ವೋಲ್ಟ್ ಹಾಕಿದರೆ ಹಳೆ ವೈರು ಕೆಟ್ಟುಹೋಗುವುದಿಲ್ಲವೇ" ಎಂಬ ಹೆದರಿಕೆಗೂ ಇದೇ ಉತ್ತರ. ದಿನವೂ 325 ವೋಲ್ಟ್ ತಾಳುವ ವೈರು 500ಕ್ಕೆ ಸೋತರೆ, ಅದು ಮೆಗ್ಗರ್‌ನಿಂದ ಕೆಟ್ಟದ್ದಲ್ಲ, ಆಗಲೇ ಕೆಟ್ಟಿತ್ತು. ಆದರೆ 1000 ವೋಲ್ಟಿನ ಮೆಗ್ಗರ್ ಮನೆ ವೈರಿಂಗಿಗೆ ಬೇಡ.

ಕನಿಷ್ಠ ಎಷ್ಟಿರಬೇಕು? ಮನೆ ವೈರಿಂಗಿಗೆ ಈಗ ಸಾಮಾನ್ಯವಾಗಿ ಒಪ್ಪಿರುವ ಕನಿಷ್ಠ ಮಿತಿ 1 ಮೆಗಾಓಮ್. ನಮ್ಮ ಹಳೆಯ ವೈರ್‌ಮನ್‌ಗಳು ಇನ್ನೊಂದು ಲೆಕ್ಕ ಹೇಳುತ್ತಾರೆ: 50ನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿ, ಬಂದಷ್ಟು ಮೆಗಾಓಮ್ ಇರಬೇಕು; ಇಡೀ ಮನೆಗೆ 1ಕ್ಕಿಂತ ಹೆಚ್ಚು ಕೇಳಬೇಕಾಗಿಲ್ಲ. ಅದು ಭಾರತೀಯ ಮಾನಕದಲ್ಲೇ ಇದ್ದ ಸೂತ್ರ. ಇಲ್ಲಿ ಒಂದು ಸಂಶಯ ಬರುವುದು ಸಹಜ. 230 ವೋಲ್ಟಿಗೆ 1 ಮೆಗಾಓಮ್ ಮೂಲಕ ಸೋರುವುದು ಕಾಲು ಮಿಲಿಆಂಪ್‌ಗಿಂತ ಕಡಿಮೆ. 30 ಮಿಲಿಆಂಪ್‌ನ ಆರ್‌ಸಿಸಿಬಿ ಬೀಳಬೇಕಾದರೆ ಅದರ ನೂರು ಪಟ್ಟಿಗೂ ಹೆಚ್ಚು ಸೋರಬೇಕು. ಹಾಗಿದ್ದ ಮೇಲೆ 1 ಮೆಗಾಓಮ್ ಯಾಕೆ ಬೇಕು? ಯಾಕೆಂದರೆ ಹೊದಿಕೆಯ ತಡೆ ಒಂದೇ ಕಡೆ ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ 1 ಇದ್ದದ್ದು ಜುಲೈನ ಜಡಿಮಳೆಯಲ್ಲಿ ಅದರ ಹತ್ತರಲ್ಲೊಂದು, ಇಪ್ಪತ್ತರಲ್ಲೊಂದು ಪಾಲಿಗೆ ಇಳಿದುಬಿಡಬಹುದು. ಆ ಅಂತರಕ್ಕಾಗಿಯೇ ಈ ಮಿತಿ. ಆದ್ದರಿಂದ ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಹಳೆ ಮನೆಗೆ ಮೆಗ್ಗರ್ ಹಿಡಿಯುವುದಾದರೆ ಮಳೆಗಾಲದಲ್ಲೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯ ರೀಡಿಂಗ್ ನೋಡಿ ಸಮಾಧಾನಪಟ್ಟುಕೊಂಡರೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ.

ತೀರ್ಥಹಳ್ಳಿಯ ಆ ಮನೆಗೆ ವೈರ್‌ಮನ್ ಬಂದದ್ದು ಆಗಸ್ಟ್‌ನಲ್ಲಿ. ನಮ್ಮ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇರುವವರು. ಬಂದವರು ಮೆಗ್ಗರ್ ಹೊರಗೆ ತೆಗೆಯಲೇ ಇಲ್ಲ, ಅರ್ಧ ಗಂಟೆ ಬರೀ ಬಿಚ್ಚುವ ಕೆಲಸವೇ ಆಯಿತು. ಈ ಅರ್ಧ ಗಂಟೆಯನ್ನು ಉಳಿಸಲು ಹೋಗುವವರ ರೀಡಿಂಗ್ ನಂಬಬೇಡಿ.

ಮೊದಲು ಮೇನ್ ಸ್ವಿಚ್ ಆಫ್. ಆಮೇಲೆ ಯುಪಿಎಸ್ ಆಫ್ ಮಾಡಿ ಅದರ ಔಟ್‌ಪುಟ್ ವೈರನ್ನೂ ಬಿಡಿಸಿದರು. ಇದನ್ನು ಮರೆಯುವವರು ಬಹಳ ಮಂದಿ. ಮೇನ್ ಆಫ್ ಆದ ಕೂಡಲೇ ಯುಪಿಎಸ್ ತಾನೇ ಕರೆಂಟ್ ಕೊಡಲು ಶುರುಮಾಡುತ್ತದೆ, ಆಫ್ ಆಗಿದೆ ಎಂದುಕೊಂಡ ವೈರಿನಲ್ಲಿ 230 ವೋಲ್ಟ್ ಇರುತ್ತದೆ. ಮಾಡಿನ ಮೇಲೆ ಸೋಲಾರ್ ಫಲಕವಿದ್ದರೆ ಅದಕ್ಕೂ ಇದೇ ಮಾತು. ನಂತರ ಟೆಸ್ಟ್ ಲ್ಯಾಂಪ್ ಹಿಡಿದು ಎಲ್ಲೂ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

ಎರಡನೆಯದು, ನ್ಯೂಟ್ರಲ್ ಬೇರ್ಪಡಿಸುವುದು. ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲ್ಲನ್ನು ಭೂಮಿಗೆ ಜೋಡಿಸಿರುತ್ತಾರೆ. ಮನೆಯ ನ್ಯೂಟ್ರಲ್ ಹೊರಗಿನ ಲೈನಿಗೆ ಅಂಟಿಕೊಂಡೇ ಇದ್ದರೆ ಮೆಗ್ಗರ್ ಸೊನ್ನೆಯನ್ನೇ ತೋರಿಸುತ್ತದೆ, ಒಳ್ಳೆಯ ವೈರಿಂಗೂ ಕೆಟ್ಟದ್ದೆಂದು ಕಾಣುತ್ತದೆ. ಹೊಸ ಮೇನ್ ಸ್ವಿಚ್‌ಗಳು ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುತ್ತವೆ. ಹಳೆಯವು ಕೆಲವು ಫೇಸ್ ಮಾತ್ರ ಕತ್ತರಿಸುವಂಥವು. ಅಲ್ಲಿ ನ್ಯೂಟ್ರಲ್ಲನ್ನು ಕೈಯಾರೆ ಬಿಚ್ಚಬೇಕು.

ಮೂರನೆಯದು, ವೈರಿಗೆ ಅಂಟಿಕೊಂಡಿರುವ ಎಲ್ಲವನ್ನೂ ತೆಗೆಯುವುದು. ಎಲ್‌ಇಡಿ ಬಲ್ಬು, ಟಿವಿ, ಫ್ರಿಜ್, ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಆರ್‌ಸಿಸಿಬಿ ಎಲ್ಲ ಹೊರಗೆ. 500 ವೋಲ್ಟಿಗೆ ಇವು ಸುಟ್ಟುಹೋಗಬಹುದು, ಇಲ್ಲವೇ ರೀಡಿಂಗ್ ಕೆಡಿಸಬಹುದು. ಸ್ವಿಚ್ ಬೋರ್ಡಿನಲ್ಲಿ ಸದಾ ಉರಿಯುವ ಆ ಪುಟ್ಟ ಕೆಂಪು ಇಂಡಿಕೇಟರ್ ದೀಪವೂ ಬೇಡ. ಅದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಕೂತಿರುತ್ತದೆ, ಅದೊಂದೇ ಸಾಕು ರೀಡಿಂಗನ್ನು 1 ಮೆಗಾಓಮ್‌ಗಿಂತ ಬಹಳ ಕೆಳಕ್ಕೆ ಎಳೆಯಲು. ವೈರು ಚೆನ್ನಾಗಿದ್ದೂ "ಇನ್ಸುಲೇಶನ್ ಹೋಗಿದೆ" ಎಂಬ ತೀರ್ಪು ಎಷ್ಟೋ ಸಲ ಬರುವುದು ಈ ದೀಪದಿಂದ. ಕೊನೆಗೆ ಎಲ್ಲ ಸ್ವಿಚ್‌ಗಳನ್ನೂ ಆನ್ ಮಾಡಬೇಕು. ಆಫ್ ಆಗಿದ್ದರೆ ಸ್ವಿಚ್‌ನಿಂದ ಹೋಲ್ಡರ್‌ವರೆಗಿನ ವೈರು ಪರೀಕ್ಷೆಗೆ ಸಿಗುವುದೇ ಇಲ್ಲ.

ಮೆಗ್ಗರ್‌ನ ಎರಡು ತಂತಿಗಳನ್ನು ದೂರ ಹಿಡಿದು ತಿರುಗಿಸಿದರು, ಮುಳ್ಳು ಅನಂತಕ್ಕೆ ಹೋಯಿತು. ಒಂದಕ್ಕೊಂದು ತಾಗಿಸಿ ನಿಧಾನ ತಿರುಗಿಸಿದರು, ಸೊನ್ನೆಗೆ ಬಂತು. ಉಪಕರಣ ಸರಿಯಿದೆ. ಈಗ ಮನೆಯ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ ಒಂದು ತಂತಿಗೆ, ಅರ್ಥಿಂಗ್ ಇನ್ನೊಂದು ತಂತಿಗೆ. ನಿಮಿಷಕ್ಕೆ ಸುಮಾರು 160 ಸುತ್ತಿನ ಒಂದೇ ವೇಗದಲ್ಲಿ ಒಂದು ನಿಮಿಷ ತಿರುಗಿಸಬೇಕು. ಅಷ್ಟು ಹೊತ್ತು ಬೇಕಾಗಲಿಲ್ಲ. ಮುಳ್ಳು ಸೊನ್ನೆಯ ಮೇಲೆ ಮಲಗಿ ಅಲುಗಲಿಲ್ಲ.

"ನೋಡಪ್ಪಾ, ಹಾಗಾದ್ರೆ ಪೂರ್ತಿ ಹೋಗಿದೆ ಅಂತಲೇ ಆಯ್ತಲ್ಲ" ಎಂದರು ಮನೆಯ ಹಿರಿಯರು.

"ಒಂದು ಕಡೆ ಹೋಗಿದ್ರೂ ಇಷ್ಟೇ ತೋರ್ಸತ್ತೆ ಯಜಮಾನ್ರೇ. ಸ್ವಲ್ಪ ತಡೀರಿ" ಎಂದರು ವೈರ್‌ಮನ್.

ನಾಲ್ಕೂ ಫ್ಯೂಸ್ ಕಿತ್ತರು. ಮತ್ತೆ ತಿರುಗಿಸಿದರು. ಆಗಲೂ ಸೊನ್ನೆ. ಅವಸರದವರು ಇಲ್ಲೇ ಮುಗ್ಗರಿಸುವುದು. ಎಲ್ಲ ಫ್ಯೂಸ್ ಕಿತ್ತರೂ ಸೊನ್ನೆ ಎಂದರೆ ದೋಷ ಮೇನ್ ಬೋರ್ಡಿನಲ್ಲೇ ಇದೆ, ಇಲ್ಲವೇ ಎಲ್ಲ ಕಡೆಯೂ ಇದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಫ್ಯೂಸ್ ಕಿತ್ತಾಗ ಬೇರೆಯಾಗುವುದು ಫೇಸ್ ಮಾತ್ರ. ನಾಲ್ಕೂ ಸರ್ಕ್ಯೂಟಿನ ನ್ಯೂಟ್ರಲ್‌ಗಳು ಲಿಂಕಿನಲ್ಲಿ ಒಟ್ಟಿಗೇ ಇರುತ್ತವೆ. ಅವನ್ನೂ ಒಂದೊಂದಾಗಿ ಸ್ಕ್ರೂ ಸಡಿಲಿಸಿ ಹೊರಗೆಳೆಯಬೇಕು.

ವೈರ್‌ಮನ್ ಫ್ಯೂಸ್‌ಗಳನ್ನು ಮತ್ತೆ ಕೂರಿಸಿ, ಈ ಸಲ ಒಂದೊಂದೇ ಸರ್ಕ್ಯೂಟನ್ನು ಫ್ಯೂಸ್ ಸಮೇತ ನ್ಯೂಟ್ರಲ್ಲನ್ನೂ ಬಿಡಿಸುತ್ತ ಹೋದರು. ಬಚ್ಚಲುಮನೆಯದು ಹೊರಬಂದದ್ದೇ ಮುಳ್ಳು ಸೊನ್ನೆಯಿಂದ ಎದ್ದು 0.4 ಮೆಗಾಓಮ್‌ನ ಹತ್ತಿರ ನಿಂತಿತು. ಕೊಟ್ಟಿಗೆಯದನ್ನೂ ತೆಗೆದಾಗ ಒಮ್ಮೆಲೇ 11ಕ್ಕೆ ಹಾರಿತು. ಉಳಿದ ಎರಡನ್ನು ಬೇರೆ ಬೇರೆ ಅಳೆದರೆ ಅಡುಗೆಮನೆ 15, ಜಗಲಿ ನಡುಮನೆ 40. ಸರ್ಕ್ಯೂಟುಗಳು ಒಟ್ಟಿಗಿರುವಾಗ ಸೋರಿಕೆಗಳೆಲ್ಲ ಕೂಡಿಕೊಳ್ಳುತ್ತವೆ, ಹಾಗಾಗಿ ಇಡೀ ಮನೆಯ ರೀಡಿಂಗ್ ಯಾವಾಗಲೂ ಅತ್ಯಂತ ಕೆಟ್ಟ ಸರ್ಕ್ಯೂಟಿಗಿಂತಲೂ ತುಸು ಕೆಳಗೇ ಇರುತ್ತದೆ. ಇಡೀ ಮನೆಗೆ ಒಂದೇ ಅಂಕಿ ಬರೆದುಕೊಟ್ಟ ವರದಿಯಿಂದ ರೀವೈರಿಂಗ್ ನಿರ್ಧಾರ ಮಾಡಲಾಗದು ಎನ್ನುವುದು ಇದಕ್ಕೇ.

ಬಚ್ಚಲುಮನೆಯ ಸೊನ್ನೆಯ ಹಿಂದೆ ಹೋದರು. ಫೇಸ್ ಮಾತ್ರ ಹಿಡಿದು ಭೂಮಿಗೆ ಅಳೆದರೆ 2 ಮೆಗಾಓಮ್. ನ್ಯೂಟ್ರಲ್ ಮಾತ್ರ ಹಿಡಿದರೆ ಸೊನ್ನೆ. ಅಂದರೆ ಭೂಮಿಗೆ ತಾಗಿರುವುದು ನ್ಯೂಟ್ರಲ್. ಮಿಕ್ಸಿಯ ರಹಸ್ಯ ಇಲ್ಲೇ ಇತ್ತು. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ಸು ಬರುತ್ತಿದೆಯೇ ಎಂದು ನೋಡುವುದು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ವಾಪಸ್ಸು ಬರುವ ಕರೆಂಟಿನ ಒಂದು ಪಾಲು ಬಚ್ಚಲುಮನೆಯ ಆ ತಾಗಿದ ಜಾಗದಿಂದ ಭೂಮಿಗಿಳಿದು ಹೋಗುತ್ತಿತ್ತು. ಲೆಕ್ಕ ತಪ್ಪಿ ಆರ್‌ಸಿಸಿಬಿ ಬೀಳುತ್ತಿತ್ತು. ಇಷ್ಟು ವರ್ಷ ಫ್ಯೂಸ್ ಹೋಗದೆ ಇದ್ದದ್ದಕ್ಕೂ ಕಾರಣ ಅದೇ. ನ್ಯೂಟ್ರಲ್ಲಿಗೂ ಭೂಮಿಗೂ ವೋಲ್ಟೇಜಿನ ವ್ಯತ್ಯಾಸ ಬಹಳ ಕಡಿಮೆ, ಅವೆರಡು ತಾಗಿದರೆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. "ಇವತ್ತಿನವರೆಗೆ ಏನೂ ಆಗಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲದಿರುವುದು ಇಂಥ ಕಡೆಯೇ.

ಪಟ್ಟಿ ಬಿಚ್ಚಿ ನೋಡಿದರೆ ಹಂಡೆ ಒಲೆಯ ಮೇಲ್ಭಾಗದಲ್ಲಿ, ವರ್ಷಗಟ್ಟಲೆ ಬಿಸಿ ಮತ್ತು ಹಬೆ ತಿಂದ ರಬ್ಬರು ಒಡೆದು ಉದುರಿ, ತಾಮ್ರ ಬೋಳಾಗಿ ಪಕ್ಕದ ಅರ್ಥಿಂಗ್ ತಂತಿಗೆ ಒರಗಿತ್ತು. ಕೊಟ್ಟಿಗೆಯದು ಸುಲಭದ ಕೇಸು. ಕೊನೆಯ ಹೋಲ್ಡರ್ ಬಿಚ್ಚಿ ವೈರಿನ ತುದಿಗಳನ್ನು ಬೇರೆ ಮಾಡಿದಾಗ 0.4 ಇದ್ದದ್ದು 20 ಆಯಿತು. ಹೋಲ್ಡರಿನೊಳಗೆ ಇರುವೆ ತಂದಿಟ್ಟ ಮಣ್ಣು, ಮಳೆಯ ಎರಚಲಿಗೆ ಒದ್ದೆ. ಕೊಟ್ಟಿಗೆಯ ವಿಷಯದಲ್ಲಿ ಸಸಾರ ಬೇಡ. ಒದ್ದೆ ನೆಲದಲ್ಲಿ ನಾಲ್ಕೂ ಕಾಲೂರಿ ನಿಂತ ದನಕ್ಕೆ ನಮಗೆ ತಿಳಿಯದಷ್ಟು ಸಣ್ಣ ಸೋರಿಕೆಯೂ ತಟ್ಟುತ್ತದೆ.

ಪ್ರತಿ ಸಲ ತಿರುಗಿಸಿ ನಿಲ್ಲಿಸಿದ ಮೇಲೆ ವೈರ್‌ಮನ್ ವೈರಿನ ತುದಿಗಳನ್ನು ಭೂಮಿಗೆ ತಾಗಿಸಿಯೇ ಮುಂದೆ ಹೋಗುತ್ತಿದ್ದರು. 500 ವೋಲ್ಟಿನ ಚಾರ್ಜ್ ವೈರಿನಲ್ಲಿ ಉಳಿದಿರುತ್ತದೆ, ಏಣಿಯ ಮೇಲೆ ನಿಂತವರಿಗೆ ಅದರ ಒಂದು ಜಾಡಿಸುವಿಕೆ ಸಾಕು ಕೆಳಗೆ ಬೀಳಲು. ಅವರು ಮುಳ್ಳು ನಿಂತ ಜಾಗವನ್ನಷ್ಟೇ ನೋಡುತ್ತಿರಲಿಲ್ಲ, ನಿಂತ ರೀತಿಯನ್ನೂ ನೋಡುತ್ತಿದ್ದರು. ಆರೋಗ್ಯವಾದ ವೈರಿನಲ್ಲಿ ಮುಳ್ಳು ಏರಿ ಸ್ಥಿರವಾಗಿ ನಿಲ್ಲುತ್ತದೆ, ಇಲ್ಲವೇ ನಿಧಾನ ಇನ್ನೂ ಏರುತ್ತದೆ. ತಿರುಗಿಸುವ ವೇಗ ಒಂದೇ ಇದ್ದೂ ಮುಳ್ಳು ನಡುಗಿದರೆ, ಏರಿದ್ದು ಇಳಿಯುತ್ತ ಬಂದರೆ, ಎಲ್ಲೋ ತೇವದ ದಾರಿಯಲ್ಲಿ ಕರೆಂಟ್ ಹರಿಯುತ್ತಿದೆ ಎಂದರ್ಥ. ಆಗ ಅಂಕಿ 1ರ ಮೇಲಿದ್ದರೂ ಅದನ್ನು ಪಾಸು ಮಾಡಬಾರದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಬಚ್ಚಲುಮನೆಗೆ ಹೊಸ ವೈರು, ಕೊಟ್ಟಿಗೆಗೆ ಹೊಸ ಹೋಲ್ಡರು, ಉಳಿದದ್ದೆಲ್ಲ ಕ್ಷೇಮ ಎಂದು ಹೇಳಿ ಎದ್ದುಬಿಡಬಹುದಿತ್ತು. 40 ಮೆಗಾಓಮ್ ತೋರಿಸಿದ ನಡುಮನೆಯ ಬಗ್ಗೆ ಯಾರಿಗೆ ಅನುಮಾನ ಬಂದೀತು? ಆದರೂ ವೈರ್‌ಮನ್ ಏಣಿ ಹಾಕಿ ಸೀಲಿಂಗ್ ರೋಸಿನ ಮುಚ್ಚಳ ತಿರುಗಿಸಿದರು. ಒಳಗೆ, ಟರ್ಮಿನಲ್ಲಿನ ಹತ್ತಿರದ ಎರಡು ಅಂಗುಲ ವೈರನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸಿದ್ದೇ ತಡ, ಕರಿ ರಬ್ಬರು ಪುಡಿಯಾಗಿ ಅವರ ಅಂಗೈಗೆ ಉದುರಿತು. ಹಿಂದೆ ಅಲ್ಲಿ ಉರಿಯುತ್ತಿದ್ದ 100 ವಾಟಿನ ಬಲ್ಬುಗಳ ಬಿಸಿ ಮಾಡಿದ ಕೆಲಸ ಅದು. ರಬ್ಬರು ಹಳತಾದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಬಿಸಿ ತಾಗುವ ಕಡೆ ಇನ್ನೂ ಬೇಗ.

ಹಾಗಿದ್ದರೆ 40 ಹೇಗೆ ಬಂತು? ಒಣ ಗಾಳಿಯೇ ಒಳ್ಳೆಯ ಇನ್ಸುಲೇಶನ್ ಎಂಬುದೇ ಉತ್ತರ. ಎರಡು ಬೋಳು ತಂತಿಗಳನ್ನು ಒಂದು ಅಂಗುಲ ದೂರದಲ್ಲಿ ಹಿಡಿದು ಮೆಗ್ಗರ್ ಹಾಕಿದರೂ ಅನಂತ ಎಂದೇ ತೋರಿಸುತ್ತದೆ. ಹೊದಿಕೆ ಪುಡಿಯಾಗಿದ್ದರೂ ತಾಮ್ರಗಳು ಒಂದಕ್ಕೊಂದು ತಾಗದೆ, ತೇವ ಮುಟ್ಟದೆ ಇರುವವರೆಗೆ ಮೆಗ್ಗರ್ ಏನನ್ನೂ ಹೇಳುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ನಡುಮನೆಯ ಸರ್ಕ್ಯೂಟಿಗೆ ಅರ್ಥಿಂಗ್ ವೈರೇ ಇಲ್ಲ. ಮೇನ್ ಬೋರ್ಡಿನ ಅರ್ಥಿಂಗಿಗೆ ಹೋಲಿಸಿ ಅಳೆದದ್ದು. ನಡುವೆ ಒಣ ಮರದ ಪಟ್ಟಿಯೂ ಒಣ ಗೋಡೆಯೂ ಇರುವಾಗ ಭೂಮಿಗೆ ಅಳೆದ ಅಂಕಿ ಚೆನ್ನಾಗಿಯೇ ಬರುತ್ತದೆ. ಅಂಥ ಸರ್ಕ್ಯೂಟಿನಲ್ಲಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ ರೀಡಿಂಗನ್ನೇ ಹೆಚ್ಚು ನೆಚ್ಚಬೇಕು, ಅದನ್ನೂ ಪೂರ್ತಿ ಅಲ್ಲ.

ಆದ್ದರಿಂದ ಮೆಗ್ಗರ್‌ನ ಮಾತನ್ನು ಹೀಗೆ ತಿಳಿದುಕೊಳ್ಳಬೇಕು. ಕೆಟ್ಟಿದೆ ಎಂದು ಅದು ಹೇಳಿದರೆ, ತೆಗೆಯಬೇಕಾದದ್ದನ್ನೆಲ್ಲ ತೆಗೆದು ಅಳೆದಿದ್ದರೆ, ಆ ಮಾತು ನಿಜ. ಒಳ್ಳೆಯದಿದೆ ಎಂದರೆ ಇವತ್ತು ಸೋರಿಕೆ ಇಲ್ಲ ಎಂದಷ್ಟೇ ಅರ್ಥ. ಪ್ರತಿ ಸರ್ಕ್ಯೂಟಿನಲ್ಲೂ ಹೆಚ್ಚು ಬಿಸಿಯುಂಡ ಒಂದು ಹೋಲ್ಡರನ್ನೋ ಸೀಲಿಂಗ್ ರೋಸನ್ನೋ ಬಿಚ್ಚಿ, ವೈರನ್ನು ಬೆರಳಿನಿಂದ ಬಗ್ಗಿಸಿ ನೋಡಿದರೆ ಮಾತ್ರ ಪರೀಕ್ಷೆ ಪೂರ್ತಿಯಾದಂತೆ. ಬಗ್ಗಿಸಿದಾಗ ರಬ್ಬರಿನಂತೆಯೇ ಬಗ್ಗಬೇಕು; ಬಿರುಕು ಬಿಟ್ಟರೆ ರೀಡಿಂಗ್ ಎಷ್ಟೇ ಇರಲಿ, ಆ ವೈರಿನ ಕಾಲ ಮುಗಿಯಿತು.

ಮೆಗ್ಗರ್‌ಗೆ ಕಾಣದ ಇನ್ನೊಂದು ಸಂಗತಿ ಅಡುಗೆಮನೆಯಲ್ಲಿತ್ತು. 15 ಮೆಗಾಓಮ್, ಪಿವಿಸಿ ಹೊದಿಕೆ ಮೆತ್ತಗೇ ಇದೆ. ಆದರೆ ವೈರು ಹಳೆಯವರು 1/18 ಎನ್ನುವ ಗಾತ್ರದ್ದು, ಸುಮಾರು 1.2 ಚದರ ಮಿಲಿಮೀಟರ್. ದೀಪಕ್ಕೆಂದು ಎಳೆದ ಅದೇ ವೈರಿನ ಮೇಲೆ ಈಗ ಫ್ರಿಜ್, ಮಿಕ್ಸಿ, ಇಂಡಕ್ಷನ್ ಒಲೆ. 2000 ವಾಟಿನ ಒಲೆಯೊಂದೇ ಸುಮಾರು 9 ಆಂಪ್ ಎಳೆಯುತ್ತದೆ. ವೈರು ಸಣ್ಣದಾಗಿ ಬಿಸಿಯಾಗುವುದನ್ನು, ಟರ್ಮಿನಲ್ಲಿನಲ್ಲಿ ಸ್ಕ್ರೂ ಸಡಿಲಾಗಿ ಕಿಡಿ ಹಾರುವುದನ್ನು, ಅಲ್ಯೂಮಿನಿಯಂ ವೈರಿನ ಜಾಯಿಂಟ್ ಕಪ್ಪಾಗುವುದನ್ನು ಮೆಗ್ಗರ್ ಅಳೆಯುವುದಿಲ್ಲ. ಅದು ಅಳೆಯುವುದು ಹೊದಿಕೆಯನ್ನು, ಒಳಗಿನ ಲೋಹವನ್ನಲ್ಲ. ಅರ್ಥಿಂಗ್ ಭೂಮಿಯವರೆಗೆ ಸರಿಯಾಗಿ ತಲುಪಿದೆಯೇ ಎಂಬುದಕ್ಕೂ ಬೇರೆ ಪರೀಕ್ಷೆಯೇ ಬೇಕು.

ಕೊನೆಗೆ ಆ ಮನೆಯಲ್ಲಿ ಆದ ತೀರ್ಮಾನ: ಬಚ್ಚಲುಮನೆಯ ವೈರಿಂಗ್ ಆ ವಾರವೇ ಹೊಸದು, ಅರ್ಥಿಂಗ್ ಸಮೇತ. ಕೊಟ್ಟಿಗೆಗೆ ಮಳೆನೀರು ಒಳಹೋಗದ ಹೋಲ್ಡರ್. ಅಡುಗೆಮನೆಯ ದೀಪಗಳು ಇದ್ದ ವೈರಿನಲ್ಲೇ ಇರಲಿ, ಒಲೆ ಮತ್ತು ಫ್ರಿಜ್‌ಗೆ ಮೇನ್ ಬೋರ್ಡಿನಿಂದ ಬೇರೆಯೇ ದಪ್ಪ ವೈರು. ನಡುಮನೆ ಮತ್ತು ಜಗಲಿಯ ರಬ್ಬರು ವೈರು ಪೂರ್ತಿ ಹೋಗಬೇಕು, ಆದರೆ ಇದೇ ವಾರ ಅಲ್ಲ, ಅಡಿಕೆ ಕೊಯ್ಲಿನ ಹಣ ಬಂದ ಮೇಲೆ. ಅಲ್ಲಿಯವರೆಗೆ ರೋಸುಗಳನ್ನು ಯಾರೂ ಮುಟ್ಟುವಂತಿಲ್ಲ, ಬಲ್ಬು ಎಲ್‌ಇಡಿ ಮಾತ್ರ. ಬಚ್ಚಲುಮನೆಯ ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯನ್ನು ಮತ್ತೆ ಜೋಡಿಸಿದರು. ಮಿಕ್ಸಿ ಹಾಕಿದರು, ಅದು ಬೀಳಲಿಲ್ಲ.

ನಿಮ್ಮ ಮನೆಗೂ ರೀವೈರಿಂಗ್ ಮಾತು ಬಂದಿದ್ದರೆ, ಅಂದಾಜು ಪಟ್ಟಿ ಕೇಳುವ ಮೊದಲು ಸರ್ಕ್ಯೂಟ್‌ವಾರು ಮೆಗ್ಗರ್ ರೀಡಿಂಗ್ ಬರೆದುಕೊಡಲು ಹೇಳಿ: ಫೇಸ್–ಅರ್ಥಿಂಗ್, ನ್ಯೂಟ್ರಲ್–ಅರ್ಥಿಂಗ್, ಫೇಸ್–ನ್ಯೂಟ್ರಲ್, ಜೊತೆಗೆ ದಿನಾಂಕ ಮತ್ತು ಅಂದು ಮಳೆಯಿತ್ತೋ ಬಿಸಿಲಿತ್ತೋ ಎಂಬುದು. ಬರೆದುಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡಿ. ಹೊಸ ವೈರು ಎಳೆದ ಮೇಲೂ, ಗೋಡೆಯ ಗಾಡಿಗೆ ಸಿಮೆಂಟ್ ಮೆತ್ತುವ ಮೊದಲು, ಇನ್ನೊಮ್ಮೆ ಮೆಗ್ಗರ್ ತಿರುಗಿಸಲು ಹೇಳಿ. ಹೊಸ ವೈರು ಹತ್ತಾರು ಮೆಗಾಓಮ್‌ಗಿಂತ ಎಷ್ಟೋ ಮೇಲೆ ತೋರಿಸಬೇಕು. ಒಂದೆರಡು ತೋರಿಸಿದರೆ ಎಲ್ಲೋ ಮೊಳೆ ತಾಗಿದೆ, ಇಲ್ಲವೇ ಪೈಪಿನಲ್ಲಿ ಎಳೆಯುವಾಗ ಹೊದಿಕೆ ಸುಲಿದಿದೆ. ಅದನ್ನು ಸರಿಪಡಿಸಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.